ನಾಳೆ ಸೆಮಿನಾರ್, ಇವತ್ತು ಒಬ್ಬರು ಕಡಿಮೆ

ಸೆಮಿನಾರಿನ ಹಿಂದಿನ ಸಂಜೆ ತಂಡದ ಒಬ್ಬನಿಗೆ ಜ್ವರ ಬಂದರೆ ವಿಜಯಪುರದ ಯಾವ ಕಾಲೇಜಿನಲ್ಲೂ ಮೊದಲು ಕೇಳಿಬರುವ ಮಾತು ಒಂದೇ: “ಅವ ಬರೂದಿಲ್ಲಂತ, ಅವನ ಭಾಗಾ ಎಲ್ಲಾರೂ ಒಂದೊಂದ ನಿಮಿಷ ಹಂಚ್ಕೊಳ್ಳೂಣು.” ಕೇಳಲು ನ್ಯಾಯವಾಗಿದೆ, ಆದರೆ ಕೆಡುವುದು ಇಲ್ಲಿಂದಲೇ. ನಾಲ್ಕು ನಿಮಿಷದ ವಿವರಣೆಯನ್ನು ನಾಲ್ಕು ಬಾಯಿಗೆ ಹಂಚಿದರೆ ಅದು ವಿವರಣೆಯಾಗಿ ಉಳಿಯುವುದಿಲ್ಲ. ಯಾರಿಗೂ ಅದು ಪೂರ್ತಿ ತಿಳಿದಿರುವುದಿಲ್ಲ, ಪ್ರಶ್ನೆ ಬಂದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಿವಿಲ್ ವಿಭಾಗದ ಐವರು, ವಿಷಯ ಗೋಳಗುಮ್ಮಟ, ಸಮಯ 20 ನಿಮಿಷ, ತಲಾ 4 ನಿಮಿಷ. ಮೊದಲನೆಯವರಿಗೆ ಮುಹಮ್ಮದ್ ಆದಿಲ್ ಶಾಹನ ಕಾಲದ ಇತಿಹಾಸ, ಎರಡನೆಯವರಿಗೆ ಗುಮ್ಮಟ ಮತ್ತು ಕಮಾನುಗಳ ರಚನೆ, ಮೂರನೆಯವರಿಗೆ ಕಟ್ಟಡ ಸಾಮಗ್ರಿ, ನಾಲ್ಕನೆಯವರಿಗೆ ಪಿಸುಮಾತಿನ ಗ್ಯಾಲರಿ, ಐದನೆಯವರಿಗೆ ಸಂರಕ್ಷಣೆ. ಬರಲಾಗದವರು ಎರಡನೆಯವರು. ಇಡೀ ವಿಷಯದ ನಡುಗಂಬವೇ ಹೋದಂತೆ.

ಯಾರು ಹೇಳಬೇಕು ಎನ್ನುವುದಕ್ಕಿಂತ ಮೊದಲು, ಆ ಭಾಗದಲ್ಲಿ ಯಾವುದು ಇಲ್ಲದಿದ್ದರೆ ಮುಂದಿನವರ ಮಾತು ನಿಲ್ಲುವುದಿಲ್ಲ ಎಂದು ನೋಡಿ. ಇಲ್ಲಿ ಅಂಥದ್ದು ಒಂದೇ: ಚೌಕವಾದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು? ಒಳಗಿನ ಕೋಣೆ ಸುಮಾರು 41 ಮೀಟರ್ ಚೌಕ, ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಒಳಕ್ಕೆ ಚಾಚಿ ಚೌಕವನ್ನು ಕಿರಿದಾಗಿಸುತ್ತವೆ, ಅವುಗಳ ಮೇಲೆ ಗುಮ್ಮಟ ಕೂರುತ್ತದೆ, ಅದರ ಬುಡದ ಸುತ್ತ ಉಳಿದ ಜಾಗವೇ ಗ್ಯಾಲರಿ. ಇದನ್ನು ಬಿಟ್ಟರೆ ನಾಲ್ಕನೆಯವರ ಪ್ರತಿಧ್ವನಿಯ ವಿವರಣೆಗೆ ನೆಲೆಯೇ ಇಲ್ಲ. ಉಳಿದ ಅಳತೆಗಳು ಬೇರೆಯವರ ಬಾಯಲ್ಲಿ ಬಂದರೂ ನಡೆಯುತ್ತದೆ. ಬೇರೆ ಊರಿನ ಗುಮ್ಮಟಗಳೊಂದಿಗಿನ ಹೋಲಿಕೆಯನ್ನು ಕೈಬಿಡಬಹುದು.

ಈ ತಿರುಳನ್ನು ಒಬ್ಬರೇ ಹೊರಬೇಕು, ಅದೂ ಪಕ್ಕದ ಭಾಗದವರು. ಇಲ್ಲಿ ಮೂರನೆಯವರು. ಆದರೆ ಹೊಸ ಹೊರೆ ಹೊರಿಸುವಾಗ ಹಳೆಯ ಹೊರೆ ಇಳಿಸಲೇಬೇಕು, ಹೆಚ್ಚಿನ ತಂಡಗಳು ಮರೆಯುವುದು ಇದನ್ನೇ. ಸಾಮಗ್ರಿಯ 4 ನಿಮಿಷದಲ್ಲಿ ಸುಣ್ಣದ ಗಾರೆಯ 1 ನಿಮಿಷ ಐದನೆಯವರಿಗೆ ಹೋಗಲಿ. ದುರಸ್ತಿಯ ಮಾತಿನಲ್ಲಿ ಗಾರೆ ಹೇಗೂ ಬರುತ್ತದೆ, ಅವರು ಸಂರಕ್ಷಣೆಯನ್ನು 3ಕ್ಕೆ ಇಳಿಸಿಕೊಂಡರಾಯಿತು. ಇನ್ನೊಂದು ನಿಮಿಷ ಕತ್ತರಿಸಿ. ಮೊದಲನೆಯವರು ಇತಿಹಾಸವನ್ನು 3 ನಿಮಿಷಕ್ಕೆ ತಂದು ಕೊನೆಯ ನಿಮಿಷದಲ್ಲಿ ಅಳತೆಗಳನ್ನು ಹೇಳಲಿ. ಈಗ ಮೊದಲನೆಯವರಿಗೆ 4, ಮೂರನೆಯವರಿಗೆ ಕಮಾನು 4 ಮತ್ತು ಸಾಮಗ್ರಿ 2 ಸೇರಿ 6, ಉಳಿದಿಬ್ಬರಿಗೆ ತಲಾ 4, ಒಟ್ಟು 18. ಉಳಿದ 2 ನಿಮಿಷವನ್ನು ತುಂಬಿಸಲು ಹೋಗಬೇಡಿ, ಹೊಸ ಭಾಗದಲ್ಲಿ ತಡವರಿಕೆ ಇದ್ದೇ ಇರುತ್ತದೆ. ನಾಲ್ವರಿಗೂ 20 ನಿಮಿಷವೇ ಸಿಗುತ್ತದೆಯೇ ಎಂದು ಮೇಷ್ಟ್ರಿಗೆ ಅದೇ ಸಂಜೆ ಕೇಳಿ. 16 ಎಂದರೆ ಲೆಕ್ಕ ಮತ್ತೆ ಹಾಕಬೇಕಾಗುತ್ತದೆ.

ಮೂರನೆಯವರು ಗೆಳೆಯನ ಟಿಪ್ಪಣಿಯನ್ನು ಬಾಯಿಪಾಠ ಮಾಡಬಾರದು. ಇನ್ನೊಬ್ಬರು ಬರೆದ ವಾಕ್ಯ ನಡುವೆ ಮರೆತರೆ ಮುಂದಿನ ಪದ ಹೊಳೆಯುವುದಿಲ್ಲ. ಅದರ ಬದಲು ಪೆನ್ಸಿಲ್ ಹಿಡಿದು ಒಂದು ಚೌಕ ಬರೆಯಿರಿ, ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ, ನಡುವಿನ ಎಂಟು ಬದಿಯ ಜಾಗದೊಳಗೆ ಒಂದು ವೃತ್ತ ಕೂರುತ್ತದೆ. ಐದಾರು ಸಲ ಬರೆದರೆ ಮಾತು ತಾನಾಗಿ ಬರುತ್ತದೆ. ಬೋರ್ಡ್ ಮೇಲೂ ಇದನ್ನೇ ಬರೆಯಬಹುದು, ಆಗ ಆ ಭಾಗಕ್ಕೆ ಐದು ಸ್ಲೈಡ್ ಬದಲು ಎರಡು ಸಾಕು. ಮೈಯಲ್ಲಿ ಶಕ್ತಿ ಇದ್ದರೆ ಗೈರಾದವರಿಗೆ ಹತ್ತು ನಿಮಿಷ ಫೋನ್ ಮಾಡಿ, ಇದನ್ನು ಕೇಳಿ: “ಈ ಭಾಗದಾಗ ನಿನಗ ತಿಳಿಯಾಕ ಕಷ್ಟ ಆಗಿದ್ದು ಯಾವುದು?” ಪ್ರಶ್ನೆ ಬರುವುದು ಹೆಚ್ಚಾಗಿ ಅಲ್ಲಿಯೇ.

ರಾತ್ರಿ ಮೊಬೈಲ್ ಗಡಿಯಾರ ಇಟ್ಟು ಒಮ್ಮೆ ಪೂರ್ತಿ ಹೇಳಿ ನೋಡಿ. ಮೂರನೆಯವರ ಮಾತು 7 ನಿಮಿಷ ದಾಟಿದರೆ ವೇಗ ಹೆಚ್ಚಿಸಬಾರದು, ಸಾಮಗ್ರಿಯ ಒಂದು ಸ್ಲೈಡ್ ತೆಗೆಯಬೇಕು. ಬೆಳಿಗ್ಗೆ ಕೊಂಡಿಗಳನ್ನಷ್ಟೇ ಅಭ್ಯಾಸ ಮಾಡಿ, ಅಂದರೆ ಒಬ್ಬರ ಕೊನೆಯ ವಾಕ್ಯ ಮತ್ತು ಮುಂದಿನವರ ಮೊದಲ ವಾಕ್ಯ. ಮುಗ್ಗರಿಸುವುದು ಇಲ್ಲೇ: ನಾಲ್ಕನೆಯವರು ಅಭ್ಯಾಸಬಲದಿಂದ “ಆಗಲೇ ಹೋಲಿಕೆಯಲ್ಲಿ ನೋಡಿದಂತೆ” ಎನ್ನುತ್ತಾರೆ, ಆ ಹೋಲಿಕೆಯನ್ನು ನೀವು ತೆಗೆದುಹಾಕಿರುತ್ತೀರಿ. “ಆಗಲೇ”, “ಹಿಂದೆ ಹೇಳಿದಂತೆ” ಎಂಬ ಮಾತುಗಳನ್ನೆಲ್ಲ ಹುಡುಕಿ ಸರಿಮಾಡಿ.

ಗೈರಾದವರ ಸ್ಲೈಡುಗಳನ್ನು ನಿಮ್ಮ ಕಡತಕ್ಕೆ ಸೇರಿಸಿದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಾಲೇಜಿನ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡುವುದು ಒಳ್ಳೆಯದು, ಸಮಯವಿಲ್ಲದಿದ್ದರೆ ಫಾಂಟ್ ಇರುವ ಕಂಪ್ಯೂಟರಿನಲ್ಲೇ PDF ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮೊದಲ ಸ್ಲೈಡಿನಿಂದ ಅವರ ಹೆಸರನ್ನು ಅಳಿಸಬೇಡಿ. ಕಮಾನಿನ ಚಿತ್ರ ಅವರು ಬರೆದದ್ದಾದರೆ ಆ ಸ್ಲೈಡಿನ ಕೆಳಗೂ ಅವರ ಹೆಸರು ಇರಲಿ.