ಸೊನ್ನೆಯಲ್ಲಿ ಒಂದು ಮೊನೆ: |x| ಎಂಬ ಹಳೇ ತಕರಾರಿನ ಕತೆ

ಕಳೆದ ಮಳೆಗಾಲದ ಒಂದು ಸಂಜೆ. ಉಡುಪಿಯ ನಮ್ಮ ಮನೆ ಜಗಲಿಯಲ್ಲಿ ಸೆಕೆಂಡ್ ಪಿಯುಸಿ ಮಕ್ಕಳಿಗೆ ಟ್ಯೂಷನ್ ನಡೆಯುತ್ತಿತ್ತು. ಒಬ್ಬಳು ಹುಡುಗಿ ನೋಟ್‌ಬುಕ್ ತಂದು ಮುಂದಿಟ್ಟಳು. "ಸರ್, f(x) = |x| ಸೊನ್ನೆಯಲ್ಲಿ ಡಿಫರೆನ್ಷಿಯೇಬಲ್ ಅಲ್ಲ ಅಂತ ಹೇಳಿದ್ರಲ್ಲ? ನಾನು ಮಾಡಿದ್ರೆ ಆಗ್ತದೆ ಅಂತ ಬರ್ತದೆ. ಎರಡೂ ಬದಿ 1."

ಅವಳು ಬರೆದದ್ದು ಹೀಗಿತ್ತು. ಬಲ ಬದಿಗೆ (|0 + h| − |0|)/h = h/h = 1. ಎಡ ಬದಿಗೆ (|0 − h| − |0|)/h = h/h = 1. ಎರಡೂ ಒಂದೇ, ಹಾಗಾಗಿ ಡಿರಿವೇಟಿವ್ ಇದೆ. ಕೆಳಗೆ ಅಚ್ಚುಕಟ್ಟಾಗಿ ಎರಡು ಗೆರೆ ಎಳೆದಿದ್ದಳು.

ತಪ್ಪು ಇರುವುದು ಎರಡನೇ ಸಾಲಿನ ಛೇದದಲ್ಲಿ. ಡಿರಿವೇಟಿವ್ ಅಂದರೆ ಎಷ್ಟು ಏರಿದೆವು ಎಂಬುದನ್ನು ಎಷ್ಟು ನಡೆದೆವು ಎಂಬುದರಿಂದ ಭಾಗಿಸುವುದು, ಅಲ್ವಾ? ಸೊನ್ನೆಯಿಂದ −h ಕಡೆಗೆ ಹೋದರೆ ನಾವು ನಡೆದದ್ದು h ಅಲ್ಲ, −h. ಆದ್ದರಿಂದ ಕೆಳಗೆ −h ಬರಬೇಕು. h/(−h) = −1. ಬಲದಿಂದ 1, ಎಡದಿಂದ −1. ಎರಡು ಬೇರೆ, ಡಿರಿವೇಟಿವ್ ಇಲ್ಲ.

ಬರೆಯುವ ಕ್ರಮ ಎರಡಿದೆ. h ಅನ್ನೇ ಋಣ ಸಂಖ್ಯೆ ಅಂತ ಇಟ್ಟುಕೊಂಡು f(0 + h) ಅಂತಲೇ ಬರೆಯಬಹುದು. ಇಲ್ಲವೇ h ಅನ್ನು ಧನ ಅಂತ ಇಟ್ಟು, ಮೇಲೆ f(0 − h), ಕೆಳಗೆ −h ಬರೆಯಬಹುದು. ಅರ್ಧ ಅದರದ್ದು ಅರ್ಧ ಇದರದ್ದು ಬೆರೆಸಿದರೆ ಮಾತ್ರ ಕೆಡುತ್ತದೆ. ಕೆಟ್ಟಿದೆಯೋ ಇಲ್ಲವೋ ಎಂದು ನೋಡಲು ಒಂದು ಸುಲಭದ ದಾರಿ ಉಂಟು. ಅದೇ ಲೆಕ್ಕವನ್ನು f(x) = x ಗೆ ಮಾಡಿ ನೋಡಬೇಕು. ಅವಳ ಕ್ರಮದಲ್ಲಿ ಮಾಡಿದರೆ ಎಡ ಬದಿಗೆ (−h − 0)/h = −1 ಬರುತ್ತದೆ. ನೆಟ್ಟಗಿನ ಗೆರೆಗೆ, ಅದೂ ಏರುವ ಗೆರೆಗೆ, ಇಳಿಜಾರು −1 ಬರುವುದು ಹೇಗೆ? ಅಲ್ಲಿಗೆ ಅವಳಿಗೇ ಗೊತ್ತಾಯಿತು.

ಆಮೇಲೆ ಅವಳು ಕೇಳಿದ ಪ್ರಶ್ನೆ ಮಾತ್ರ ಇನ್ನೂ ದೊಡ್ಡದು. "ಸರ್, ಎರಡು ಬದಿ ಬೇರೆ ಬೇರೆ ನೋಡ್ಬೇಕು ಅಂತ ಯಾರಿಗೆ, ಯಾಕೆ ಹೊಳೆದದ್ದು?"

ಇದಕ್ಕೆ ಉತ್ತರ ಹೇಳಬೇಕಾದರೆ 1696ಕ್ಕೆ ಹೋಗಬೇಕು. ಆ ವರ್ಷ ಫ್ರಾನ್ಸಿನ ಲೋಪಿತಾಲ್ ಡಿಫರೆನ್ಷಿಯಲ್ ಕ್ಯಾಲ್ಕುಲಸ್‌ನ ಮೊದಲ ಪಠ್ಯಪುಸ್ತಕ ಬರೆದ. ಗರಿಷ್ಠ, ಕನಿಷ್ಠ ಹುಡುಕುವ ಅಧ್ಯಾಯದಲ್ಲಿ ಅವನದೊಂದು ವಾದವಿದೆ. ಏರುತ್ತಿದ್ದ ವಕ್ರರೇಖೆ ಇಳಿಯಲು ಶುರುಮಾಡಿತು ಅಂದರೆ ಅದರ ಇಳಿಜಾರು ಧನದಿಂದ ಋಣಕ್ಕೆ ದಾಟಿತು. ಹಾಗೆ ದಾಟಬೇಕಾದರೆ ಒಂದೋ ಸೊನ್ನೆಯನ್ನು ಹಾಯ್ದು ಹೋಗಬೇಕು, ಇಲ್ಲವೇ ಅನಂತವನ್ನು.

ಸೊನ್ನೆಯ ದಾರಿ ಎಲ್ಲರಿಗೂ ಗೊತ್ತು. ಗುಡ್ಡದ ನೆತ್ತಿ ನುಣ್ಣಗಿದ್ದರೆ ಅಲ್ಲಿ ಒಂದು ಕ್ಷಣ ಮಟ್ಟಸ. ಅನಂತದ ದಾರಿ ಅಂದರೆ ಚೂಪು ಮೊನೆ, ನಾವು ಕ್ಲಾಸಿನಲ್ಲಿ ಕಸ್ಪ್ ಅನ್ನುವುದು. x^(2/3) ತೆಗೆದುಕೊಳ್ಳಿ. ಸೊನ್ನೆಯಿಂದ h ನಡೆದರೆ ಭಾಗಲಬ್ಧ h^(2/3)/h, ಅಂದರೆ 1/h^(1/3). h = 0.001 ಆದಾಗ ಇದು 10. h = 0.000001 ಆದಾಗ 100. ಹತ್ತಿರ ಹೋದಷ್ಟೂ ಕಡಿದಾಗುತ್ತಲೇ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಎಡ ಬದಿಯಲ್ಲಿ h = −0.001 ಇಟ್ಟರೆ −10, ಆಮೇಲೆ −100. ಒಂದು ಬದಿ ಮೇಲಕ್ಕೆ ಅನಂತ, ಇನ್ನೊಂದು ಬದಿ ಕೆಳಕ್ಕೆ ಅನಂತ. ಎರಡು ಗೋಡೆ ಬುಡದಲ್ಲಿ ಬಂದು ಕೂಡಿದ ಹಾಗೆ. ಲೋಪಿತಾಲ್‌ನ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ.

ಆದರೆ ನಮ್ಮ ಕಡೆಯ ಹಂಚಿನ ಮಾಡು ನೋಡಿ. ಒಂದು ಬದಿಯಿಂದ ಒಂದೇ ಓರೆಯಲ್ಲಿ ಏರುತ್ತದೆ, ನೆತ್ತಿಯಲ್ಲಿ ಮುರಿಯುತ್ತದೆ, ಇನ್ನೊಂದು ಬದಿಗೆ ಅದೇ ಓರೆಯಲ್ಲಿ ಇಳಿಯುತ್ತದೆ. ಇಳಿಜಾರು ಧನದಿಂದ ಋಣಕ್ಕೆ ಬಂತು, ಆದರೆ ಸೊನ್ನೆಯನ್ನೂ ಮುಟ್ಟಲಿಲ್ಲ, ಅನಂತವನ್ನೂ ಮುಟ್ಟಲಿಲ್ಲ. ಸುಮ್ನೆ ಹಾರಿತು. |x| ಅನ್ನು ಕವುಚಿ ಹಾಕಿದರೆ ಇದೇ ಮಾಡು. ಲೋಪಿತಾಲ್‌ನ ಲೆಕ್ಕದಲ್ಲಿ ಇದಕ್ಕೆ ಜಾಗ ಇರಲಿಲ್ಲ. ನನಗೆ ಇದು ಯಾವಾಗಲೂ ಬೆರಗು ಹುಟ್ಟಿಸುತ್ತದೆ. ನೋಡಲು ಜಾಸ್ತಿ ಕಷ್ಟ ಅನಿಸುವ ಕಸ್ಪ್ ಮೊದಲೇ ಲೆಕ್ಕದೊಳಗೆ ಬಂತು, ಎರಡು ನೆಟ್ಟಗಿನ ಗೆರೆ ಕೂಡಿದ ಮೂಲೆ ಹೊರಗೇ ಉಳಿಯಿತು.

ಅದನ್ನು ಒಳಗೆ ತಂದದ್ದು ಒಂದು ತಂತಿ. 1747ರಲ್ಲಿ ದಾಲಂಬೇರ್ ಎಂಬ ಗಣಿತಜ್ಞ ಬಿಗಿದ ತಂತಿ ಹೇಗೆ ಕಂಪಿಸುತ್ತದೆ ಎಂಬುದಕ್ಕೆ ಸಮೀಕರಣ ಕೊಟ್ಟ. ಜಗಲಿಯಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗದ ನಡುವೆ ಬೆರಳಿಟ್ಟು ಕೆಳಗೆ ಎಳೆದು ನೋಡಿ. ಬೆರಳಿರುವಲ್ಲಿ ಮೂಲೆ, ಅಚ್ಚು |x| ಆಕಾರ. ತಂತಿಯನ್ನು ಮೀಟುವಾಗ ಮೊದಲ ಆಕಾರ ಇದೇ ತಾನೇ? ಆದರೆ ದಾಲಂಬೇರ್ ಇದನ್ನು ಒಪ್ಪಲಿಲ್ಲ. ಮೊದಲ ಆಕಾರ ಒಂದೇ ಸೂತ್ರದಲ್ಲಿ ಹೇಳಬಲ್ಲದ್ದಾಗಿರಬೇಕು, ಮೂಲೆ ಇರುವಲ್ಲಿ ತನ್ನ ಸಮೀಕರಣಕ್ಕೆ ಅರ್ಥವಿಲ್ಲ ಎಂದ. ಆಯ್ಲರ್ ಮಾತ್ರ ಮೂಲೆಯ ಆಕಾರವನ್ನೂ ಒಪ್ಪಿದ. ತಂತಿಯನ್ನು ಹೇಗೆ ಬೇಕಾದರೂ ಎಳೆಯಬಹುದು, ಪ್ರಕೃತಿ ನಮ್ಮ ಸೂತ್ರ ಕೇಳಿ ನಡೆಯುವುದಿಲ್ಲ ಎಂಬುದು ಅವನ ನಿಲುವಾಗಿತ್ತು. ಈ ಜಗಳ ವರ್ಷಗಟ್ಟಲೆ ನಡೆಯಿತು.

ಹಾಗಿದ್ದರೂ ಆಯ್ಲರ್‌ನ ಭಾಷೆಯಲ್ಲೇ ಒಂದು ತೊಡಕಿತ್ತು. 1748ರ ಪುಸ್ತಕದಲ್ಲಿ ಅವನು ಒಂದೇ ಸೂತ್ರದಿಂದ ಬರುವ ರೇಖೆಯನ್ನು ನಿರಂತರ ಅಂದ, ತುಂಡು ತುಂಡಾಗಿ ಬೇರೆ ಬೇರೆ ಸೂತ್ರ ಬೇಕಾದರೆ ನಿರಂತರ ಅಲ್ಲ ಅಂದ. ಆ ಪ್ರಕಾರ ಸೊನ್ನೆಯ ಬಲಕ್ಕೆ x, ಎಡಕ್ಕೆ −x ಆಗಿರುವ ಫಂಕ್ಷನ್ ನಿರಂತರ ಅಲ್ಲ. ಇದನ್ನು ಮುರಿದದ್ದು ಕೋಶಿ, 1844ರಲ್ಲಿ. ಅವನು ತೋರಿಸಿದ್ದು ಇಷ್ಟೇ: ಅದೇ ಫಂಕ್ಷನ್ ಅನ್ನು √(x²) ಅಂತ ಒಂದೇ ಸೂತ್ರದಲ್ಲಿ ಬರೆಯಬಹುದಲ್ಲ! ಎರಡು ಸೂತ್ರದಲ್ಲಿ ಬರೆದರೆ ಒಂದು ಜಾತಿ, ಒಂದು ಸೂತ್ರದಲ್ಲಿ ಬರೆದರೆ ಇನ್ನೊಂದು ಜಾತಿ ಅಂದರೆ ಆ ಜಾತಿಗೆ ಬೆಲೆ ಇಲ್ಲ. ಒಂದು ಫಂಕ್ಷನ್ ಬಿಂದುವಿನ ಹತ್ತಿರ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಲಿಮಿಟ್ ಇಟ್ಟೇ ಅಳೆಯಬೇಕು. ಅವನು 1823ರ ಪಾಠಗಳಲ್ಲಿ ಡಿರಿವೇಟಿವ್ ಅನ್ನು ಭಾಗಲಬ್ಧದ ಲಿಮಿಟ್ ಅಂತಲೇ ಹೇಳಿದ್ದ. ಲಿಮಿಟ್ ಅಂದ ಮೇಲೆ h ಎಡದಿಂದಲೂ ಬರಬಹುದು, ಬಲದಿಂದಲೂ ಬರಬಹುದು. ಎರಡು ಬದಿಯ ಪರೀಕ್ಷೆಯ ಬೀಜ ಅಲ್ಲಿದೆ. ನಾವು ಈಗ ಬರೆಯುವ ಎರಡು ನೆಟ್ಟ ಗೀಟಿನ ಗುರುತನ್ನು 1841ರಲ್ಲಿ ಬಳಸಿದ್ದು ವೈಯರ್‌ಸ್ಟ್ರಾಸ್.

ಅದೇ ವೈಯರ್‌ಸ್ಟ್ರಾಸ್ ಈ ಪರೀಕ್ಷೆಯನ್ನು ಎಲ್ಲಿಗೆ ಒಯ್ದ ನೋಡಿ. 1806ರಲ್ಲಿ ಆಂಪೇರ್ ಒಂದು ಸಾಧನೆ ಬರೆದಿದ್ದ. ಅಲ್ಲಲ್ಲಿ ಬಿಡಿಬಿಡಿಯಾದ ಕೆಲವು ಬಿಂದು ಬಿಟ್ಟರೆ ಉಳಿದ ಕಡೆಯೆಲ್ಲ ಡಿರಿವೇಟಿವ್ ಇದ್ದೇ ಇರುತ್ತದೆ ಎಂದು ಅದರ ಆಶಯ. ಮೂಲೆಗಳು ಅಪವಾದ, ಅಷ್ಟೇ. 1872ರ ಜುಲೈಯಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ವೈಯರ್‌ಸ್ಟ್ರಾಸ್ ಒಂದು ನಿರಂತರ ಫಂಕ್ಷನ್ ಇಟ್ಟ, ಅದಕ್ಕೆ ಯಾವ ಬಿಂದುವಿನಲ್ಲೂ ಡಿರಿವೇಟಿವ್ ಇಲ್ಲ. ಸಾಧಿಸಿದ ಬಗೆ ನಮ್ಮ ಜಗಲಿಯ ಲೆಕ್ಕದ್ದೇ. ಯಾವ ಬಿಂದು ಬೇಕಾದರೂ ಹಿಡಿದು, ಅದರ ಎಡಕ್ಕೊಂದು ಬಲಕ್ಕೊಂದು ಬಿಂದುಗಳ ಸಾಲು ಹತ್ತಿರ ತರುತ್ತಾನೆ. ಎರಡು ಬದಿಯ ಭಾಗಲಬ್ಧಗಳ ಚಿಹ್ನೆ ಒಂದಕ್ಕೊಂದು ವಿರುದ್ಧ, ಗಾತ್ರ ಎರಡೂ ಬೆಳೆಯುತ್ತಲೇ ಹೋಗುತ್ತದೆ.

ಈ ಇತಿಹಾಸ ಗೊತ್ತಿದ್ದರೆ ಒಂದು ಅಡ್ಡದಾರಿಯ ಅಪಾಯ ಕಾಣುತ್ತದೆ. ಅನೇಕ ಮಕ್ಕಳು ಭಾಗಲಬ್ಧ ಬರೆಯುವುದೇ ಇಲ್ಲ. ಎರಡು ತುಂಡನ್ನೂ ಬೇರೆ ಬೇರೆ ಡಿಫರೆನ್ಷಿಯೇಟ್ ಮಾಡಿ, x = 0 ಹಾಕಿ, ಉತ್ತರ ಹೋಲಿಸುತ್ತಾರೆ. |x| ಗೆ ಅದರಿಂದಲೂ 1 ಮತ್ತು −1 ಬರುತ್ತದೆ, ಹಾಗಾಗಿ ಕ್ರಮ ಸರಿ ಅನಿಸುತ್ತದೆ. ಈಗ ಇದನ್ನು ನೋಡಿ: x ≤ 0 ಆದರೆ f(x) = x, x > 0 ಆದರೆ f(x) = x + 1. ಅಡ್ಡದಾರಿಯಲ್ಲಿ ಎರಡೂ ಬದಿ 1 ಬರುತ್ತದೆ. ಆದರೆ ಸೊನ್ನೆಯಲ್ಲಿ ಫಂಕ್ಷನ್ ಒಂದು ಮೆಟ್ಟಿಲು ಹಾರಿದೆ! ಭಾಗಲಬ್ಧ ಬರೆದರೆ ಸುಳ್ಳು ನಿಲ್ಲುವುದಿಲ್ಲ. ಬಲ ಬದಿಗೆ (h + 1 − 0)/h, ಅಂದರೆ 1 + 1/h. h = 0.01 ಆದರೆ 101. ಇದು ಎಲ್ಲಿಯೂ ನೆಲೆ ನಿಲ್ಲದು. ಭಾಗಲಬ್ಧದಲ್ಲಿ f(0) ಇರುತ್ತದೆ, ಅಡ್ಡದಾರಿಯಲ್ಲಿ ಇರುವುದಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಎಲ್ಲವೂ ಅದರಲ್ಲೇ ಇದೆ. ಅಡ್ಡದಾರಿ ಹಿಡಿಯಲೇಬೇಕು ಅಂತಿದ್ದರೆ ಮೊದಲು ಸೊನ್ನೆಯಲ್ಲಿ ಫಂಕ್ಷನ್ ನಿರಂತರವೇ ಎಂದು ನೋಡಿಕೊಳ್ಳಬೇಕು. ನಾನಂತೂ ಮಕ್ಕಳಿಗೆ ಭಾಗಲಬ್ಧವನ್ನೇ ಬರೆಸುತ್ತೇನೆ.

ಆ ಸಂಜೆ ಮಳೆ ಬಿಡುವ ತನಕ ಅವಳಿಗೆ ಇನ್ನೊಂದು ಲೆಕ್ಕ ಕೊಟ್ಟೆ. |x| ಸೊನ್ನೆಯಲ್ಲಿ ಮೂಲೆ, |x|^(2/3) ಕಸ್ಪ್. ಹಾಗಾದರೆ |x|^(3/2)? ಅವಳು ಮೊದಲು "ಅದರಲ್ಲೂ ಗೀಟು ಉಂಟಲ್ಲ ಸರ್, ಆಗ್ಲಿಕ್ಕಿಲ್ಲ" ಅಂದಳು. ಆಮೇಲೆ ಬರೆಯಲು ಕೂತಳು. ಬಲ ಬದಿಗೆ h^(3/2)/h = √h. ಎಡ ಬದಿಗೆ, ಈ ಸಲ ಕೆಳಗೆ −h ಹಾಕಿ, h^(3/2)/(−h) = −√h. ಚಿಹ್ನೆ ಬೇರೆ ಕಂಡು ಪೆನ್ ನಿಲ್ಲಿಸಿದಳು. "ಲಿಮಿಟ್ ತಗೊಳ್ಳಲಿಲ್ಲ ನೀನು" ಅಂದೆ. h = 0.01 ಇಟ್ಟಳು, 0.1 ಮತ್ತು −0.1. h = 0.0001 ಇಟ್ಟಳು, 0.01 ಮತ್ತು −0.01. ಎರಡೂ ಸೊನ್ನೆಗೆ ಇಳಿಯುತ್ತವೆ. ಡಿರಿವೇಟಿವ್ ಇದೆ, ಅದು 0.

"ಹಾಗಾದ್ರೆ ಘಾತ 1ಕ್ಕಿಂತ ಒಂಚೂರು ಜಾಸ್ತಿ ಇದ್ರೂ ಸಾಕಾ? 1.01?" ಅಂತ ಕೇಳಿದಳು. ಸಾಕು. ಭಾಗಲಬ್ಧ ಬಲಕ್ಕೆ h^0.01, ಎಡಕ್ಕೆ −h^0.01. ಆದರೆ h = 0.000001 ಇಟ್ಟರೂ ಅದು ಸುಮಾರು 0.87. ಗ್ರಾಫ್ ಬರೆದರೆ ಕಣ್ಣಿಗೆ |x| ಹಾಗೆಯೇ ಚೂಪಾಗಿ ಕಾಣುತ್ತದೆ. ಅವಳು ಗ್ರಾಫ್ ಬರೆದದ್ದನ್ನು ಒಮ್ಮೆ ನೋಡಿದಳು, ಲೆಕ್ಕವನ್ನು ಒಮ್ಮೆ ನೋಡಿದಳು, ಗ್ರಾಫಿನ ಕೆಳಗೆ "ಡಿಫರೆನ್ಷಿಯೇಬಲ್" ಅಂತ ಬರೆದು ಎರಡು ಗೆರೆ ಎಳೆದಳು.