ಡೌನ್‌ಲೋಡ್ ಮ್ಯಾನೇಜರ್ ಹಾಕಿದರೆ ಸ್ಪೀಡ್ ಜಾಸ್ತಿ ಆಗುತ್ತಾ?

ಪ್ರಶ್ನೆ: ತಿಪಟೂರಿನ ನಮ್ಮ ಮನೆಯಲ್ಲಿ 40 ಎಂಬಿಪಿಎಸ್ ಫೈಬರ್ ಇದೆ. ಫೋನ್ ಅಪ್‌ಡೇಟ್‌ನ 4 ಜಿಬಿ ಫೈಲನ್ನು ಬ್ರೌಸರ್‌ನಲ್ಲಿ ಇಳಿಸಿಕೊಂಡರೆ ಸೆಕೆಂಡಿಗೆ 1 ಎಂಬಿ ದಾಟುವುದಿಲ್ಲ. ಸ್ಟೀಮ್‌ನಲ್ಲಿ ಗೇಮ್ ಅಪ್‌ಡೇಟ್ ಕೂಡ ಮುಗಿಯುವುದೇ ಇಲ್ಲ. ಡೌನ್‌ಲೋಡ್ ಮ್ಯಾನೇಜರ್ ಹಾಕಿದರೆ ಎರಡೂ ಸರಿ ಹೋಗುತ್ತಾ?

ಉತ್ತರ: ಫೋನ್ ಫೈಲಿಗೆ ಉಪಯೋಗ ಆಗಬಹುದು, ಸ್ಟೀಮ್‌ಗೆ ಆಗುವುದಿಲ್ಲ.

ಮೊದಲು ಲೆಕ್ಕ ನೋಡಿ. ಪ್ಲಾನ್‌ನಲ್ಲಿ ಹೇಳುವುದು ಬಿಟ್‌ಗಳಲ್ಲಿ, ಬ್ರೌಸರ್ ತೋರಿಸುವುದು ಬೈಟ್‌ಗಳಲ್ಲಿ. 40ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ. ಅಂದರೆ ನಿಮ್ಮ ಲೈನ್‌ಗೆ ಇನ್ನೂ 4 ಎಂಬಿ ತರುವ ಶಕ್ತಿ ಇದೆ. ಅದು ಎಲ್ಲಿ ಹೋಯಿತು?

ಸರ್ವರ್ ಒಂದಷ್ಟು ಡೇಟಾ ಕಳಿಸಿ, ‘ಬಂತು’ ಅಂತ ನಿಮ್ಮ ಕಡೆಯಿಂದ ಉತ್ತರ ಬರುವವರೆಗೆ ಕಾಯುತ್ತದೆ. ಸರ್ವರ್ ದೂರದ ದೇಶದಲ್ಲಿದ್ದು, ಹೋಗಿ ಬರಲು ಕಾಲು ಸೆಕೆಂಡ್ ಬೇಕು ಅಂದುಕೊಳ್ಳಿ. ಒಂದು ಸಲಕ್ಕೆ ಕಾಲು ಎಂಬಿ ಮಾತ್ರ ಕಳಿಸಿದರೆ, ಸೆಕೆಂಡಿಗೆ ನಾಲ್ಕೇ ಸಲ, ಒಟ್ಟು 1 ಎಂಬಿ. ಲೈನ್ ಎಷ್ಟೇ ಖಾಲಿ ಇರಲಿ, ಆ ಕನೆಕ್ಷನ್‌ಗೆ ಅಷ್ಟೇ. ಡೌನ್‌ಲೋಡ್ ಮ್ಯಾನೇಜರ್ ಫೈಲನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಕನೆಕ್ಷನ್ ತೆರೆಯುತ್ತದೆ. ನಾಲ್ಕು ಕನೆಕ್ಷನ್‌ಗೆ ಸುಮಾರು 4 ಎಂಬಿ. ಒಂದು ಗಂಟೆ ಮೇಲೆ ಹಿಡಿಯುತ್ತಿದ್ದ ಫೈಲ್ 17 ನಿಮಿಷಕ್ಕೆ ಬರುತ್ತದೆ. 5 ಎಂಬಿ ಮುಟ್ಟಿದ ಮೇಲೆ ಎಷ್ಟು ಕನೆಕ್ಷನ್ ಕೊಟ್ಟರೂ ಸುಮ್ನೆ.

ನಿಮ್ಮದು ಇದೇ ತೊಂದರೆಯಾ ಅಂತ ತಿಳಿಯುವುದು ಸುಲಭ. ಆ ಡೌನ್‌ಲೋಡ್ ನಡೆಯುತ್ತಿರುವಾಗಲೇ ಬೇರೆ ಸೈಟ್‌ನಿಂದ ಇನ್ನೊಂದು ದೊಡ್ಡ ಫೈಲ್ ಶುರು ಮಾಡಿ. ಮೊದಲನೆಯದು 1 ಎಂಬಿಯಲ್ಲೇ ಇದ್ದು ಎರಡನೆಯದೂ ಚೆನ್ನಾಗಿ ಓಡಿದರೆ ಲೈನ್‌ನಲ್ಲಿ ಜಾಗ ಇದೆ. ಎರಡೂ ಸೇರಿ 1 ಎಂಬಿಯೇ ಆದರೆ ನಿಮ್ಮ ವೈ-ಫೈ ಅಥವಾ ಲೈನೇ ನಿಧಾನ. ಆಗ ಮ್ಯಾನೇಜರ್ ಏನೂ ಮಾಡಲಾರದು.

ಜಾಗ ಇದ್ದರೆ, ಉಚಿತವಾಗಿ ಸಿಗುವ ಏರಿಯಾ2 ಎಂಬ ಡೌನ್‌ಲೋಡ್ ಮ್ಯಾನೇಜರ್ ಸಾಕು. ಟರ್ಮಿನಲ್‌ನಲ್ಲಿ ಹೀಗೆ ಕೊಡಿ:

```
aria2c -c -x 4 -s 4 "ಫೈಲಿನ ಲಿಂಕ್"
```

`-c` ಇದ್ದರೆ ಮಧ್ಯದಲ್ಲಿ ಕರೆಂಟ್ ಹೋದರೂ, ಅದೇ ಕಮಾಂಡ್ ಮತ್ತೆ ಕೊಟ್ಟಾಗ ಹೆಚ್ಚುಕಡಿಮೆ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಫೈಲಿನ ಪಕ್ಕದಲ್ಲಿ `.aria2` ಅಂತ ಕೊನೆಯಾಗುವ ಚಿಕ್ಕ ಫೈಲ್ ಕಾಣುತ್ತದೆ. ಯಾವ ಭಾಗ ಬಂದಿದೆ ಅನ್ನುವ ಲೆಕ್ಕ ಅದರಲ್ಲಿದೆ, ಅಳಿಸಬೇಡಿ. ಕೆಲವು ಸರ್ವರ್‌ಗಳು ಭಾಗ ಭಾಗವಾಗಿ ಕೊಡುವುದಿಲ್ಲ, ಅಲ್ಲಿ ಒಂದೇ ಕನೆಕ್ಷನ್ ಗತಿ. ಇನ್ನು ಕೆಲವು, ಕನೆಕ್ಷನ್ ಜಾಸ್ತಿ ಆದರೆ 403 ಅಥವಾ 503 ಎರರ್ ಕೊಡುತ್ತವೆ. ಆಗ `-x 2` ಮಾಡಿ ನೋಡಿ.

ಸ್ಟೀಮ್ ಮೊದಲಿಂದಲೂ ಹಲವು ಕನೆಕ್ಷನ್‌ಗಳಲ್ಲೇ ತುಂಡು ತುಂಡಾಗಿ ಇಳಿಸಿಕೊಳ್ಳುತ್ತದೆ. ಹೊರಗಿನ ಮ್ಯಾನೇಜರ್‌ಗೆ ಅಲ್ಲಿ ಕೆಲಸವಿಲ್ಲ. ಅದರ ಡೌನ್‌ಲೋಡ್ ಪುಟದಲ್ಲಿ ನೆಟ್‌ವರ್ಕ್ ಮತ್ತು ಡಿಸ್ಕ್ ಎರಡರ ಗ್ರಾಫ್ ಇದೆ. ನೆಟ್‌ವರ್ಕ್ ಸೊನ್ನೆಗೆ ಇಳಿದು ಡಿಸ್ಕ್ ಮಾತ್ರ ಓಡುತ್ತಿದ್ದರೆ, ಹಳೆಯ ಫೈಲ್‌ಗಳನ್ನು ಬಿಚ್ಚಿ ಹೊಸದಾಗಿ ಬರೆಯುವ ಕೆಲಸ ನಡೆಯುತ್ತಿದೆ ಅಂತ ಅರ್ಥ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇದೇ ತುಂಬಾ ಹೊತ್ತು ತಿನ್ನುತ್ತದೆ. ಎಸ್‌ಎಸ್‌ಡಿ ಇದ್ದರೆ ಗೇಮಿನ `Properties` ಒಳಗೆ `Installed Files` ತೆರೆದು `Move install folder` ಒತ್ತಿ, ಗೇಮನ್ನು ಅಲ್ಲಿಗೆ ಸಾಗಿಸಿ.