ಅನ್‌ಪ್ಲಗ್ಡ್ ಕೋಡಿಂಗ್: ಮೂರು ಸಲ ಬಲಕ್ಕೆ ತಿರುಗಿದ ಕಾಕಾ

ಅನ್‌ಪ್ಲಗ್ಡ್ ಎಂದರೆ ವಿದ್ಯುತ್ತಿನ ಪ್ಲಗ್‌ಗೆ ಸಿಕ್ಕಿಸದ್ದು. ಕಂಪ್ಯೂಟರ್ ಮುಟ್ಟದೆ, ಚೀಟಿ, ಸೀಮೆಸುಣ್ಣ, ಕೈಕಾಲುಗಳಿಂದಲೇ ಕೋಡಿಂಗ್‌ನ ಯೋಚನೆಯನ್ನು ಆಡಿಸಿ ಕಲಿಸುವುದಕ್ಕೆ ಈ ಹೆಸರು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇಂಥ ಆಟಗಳನ್ನು ಒಟ್ಟುಗೂಡಿಸಿದರು. ಹೆಸರೂ ಅಲ್ಲಿಂದಲೇ ಹರಡಿತು.

ಕಲಬುರಗಿಯ ಮನೆಗಳಲ್ಲಿ ಇದಕ್ಕೆ ಅಂಗಳ ಸಿದ್ಧವಾಗಿಯೇ ಇರುತ್ತದೆ. ಶಹಾಬಾದ್ ಕಲ್ಲಿನ ನೆಲದಲ್ಲಿ ಚೌಕಗಳನ್ನು ಯಾರೂ ಗೀಚಬೇಕಿಲ್ಲ. ನಮ್ಮ ಮನೆಯಲ್ಲಿ ಆರು ವರ್ಷದ ಹುಡುಗಿ ಪ್ರೋಗ್ರಾಮರ್, ಅವಳ ಕಾಕಾ ರೋಬೋ. ಹುರಿದ ಶೇಂಗಾದ ಬಟ್ಟಲು ಕಾಕಾ ನಿಂತ ಕಲ್ಲಿನಿಂದ ಎರಡು ಕಲ್ಲು ಮುಂದೆ, ಅಲ್ಲಿಂದ ಮೂರು ಕಲ್ಲು ಬಲಕ್ಕೆ. ಚೀಟಿಗಳು ಮೂರೇ ಬಗೆಯವು: ಮುಂದೆ, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಎಲ್ಲ ಚೀಟಿಗಳನ್ನೂ ಸಾಲಾಗಿ ಇಟ್ಟ ಮೇಲಷ್ಟೇ ರೋಬೋ ಹೊರಡಬೇಕು.

ಅವಳು ಇಟ್ಟದ್ದು ಹೀಗೆ: ಮುಂದೆ, ಮುಂದೆ, ಬಲಕ್ಕೆ ತಿರುಗು, ಬಲಕ್ಕೆ ತಿರುಗು, ಬಲಕ್ಕೆ ತಿರುಗು. ಕಾಕಾ ಎರಡು ಕಲ್ಲು ನಡೆದು, ನಿಂತಲ್ಲೇ ಮೂರು ಸಲ ತಿರುಗಿ, ಬಟ್ಟಲಿಗೆ ಬೆನ್ನು ಮಾಡಿ ನಿಂತ. “ಕಾಕಾ, ಆ ಕಡೆ ನಡೆಯಬೇಕಿತ್ತು!” ಎಂದು ಅವಳು ರೇಗಿದಳು. ಕಾಕಾ ಅಲುಗಲಿಲ್ಲ, ಅವನು ಮಾಡಿದ್ದೇ ಸರಿ. ಪಾಪವೆಂದು ದೊಡ್ಡವರು ಊಹಿಸಿ ನಡೆದುಬಿಟ್ಟರೆ ಆಟ ಅಲ್ಲಿಗೇ ಕೆಟ್ಟಿತು.

ಈ ವಯಸ್ಸಿನವರಿಗೆ ‘ಬಲಕ್ಕೆ ತಿರುಗು’ ಮತ್ತು ‘ಬಲಕ್ಕೆ ನಡೆ’ ಎರಡೂ ಒಂದೇ ಆಗಿ ತೋರುತ್ತವೆ. ಬರೆದ ಸಾಲಿಗೂ ನಡೆದ ನಡೆಗೂ ಎಲ್ಲಿ ತಾಳ ತಪ್ಪಿತು ಎಂದು ಹುಡುಕುವುದನ್ನೇ ಡೀಬಗ್ಗಿಂಗ್ ಎನ್ನುತ್ತಾರೆ. ಒಂದೊಂದು ಚೀಟಿಯ ಮೇಲೆ ಬೆರಳಿಟ್ಟು, ಕಾಕಾನನ್ನು ಒಂದೊಂದೇ ಹೆಜ್ಜೆ ನಡೆಸಿದಾಗ ನಾಲ್ಕನೆಯ ಚೀಟಿಯಲ್ಲಿ ಅವಳೇ ತಡೆದಳು. ಸರಿಪಡಿಸಿದ ಸಾಲು: ಮುಂದೆ, ಮುಂದೆ, ಬಲಕ್ಕೆ ತಿರುಗು, ಮುಂದೆ, ಮುಂದೆ, ಮುಂದೆ. ಮಗು ರೋಬೋಗೆ ಎದುರಾಗಿ ನಿಂತರೆ ಎಡಬಲಗಳೂ ಅದಲುಬದಲಾಗುತ್ತವೆ, ಆದ್ದರಿಂದ ಬೆನ್ನ ಹಿಂದೆ ನಿಲ್ಲಿಸಿ.

ಕಿಟ್ ಬೇಕೇ ಬೇಕೆಂದರೆ ಬೀ-ಬಾಟ್ ಎಂಬ ಜೇನುಹುಳದ ಆಕಾರದ ಆಟಿಕೆ ಇದೇ ಆಟವನ್ನು ಆಡುತ್ತದೆ. ಒಂದು ಹೆಜ್ಜೆಗೆ 15 ಸೆಂ.ಮೀ. ಹಳೆಯ ಆಜ್ಞೆಗಳನ್ನು ಅಳಿಸುವ ಗುಂಡಿ ಒತ್ತದಿದ್ದರೆ ಹೊಸವು ಅವುಗಳ ಬಾಲಕ್ಕೆ ಸೇರಿಕೊಳ್ಳುತ್ತವೆ. ಆಟಿಕೆ ಹುಚ್ಚಾಪಟ್ಟೆ ಓಡಿದರೆ ಕೆಟ್ಟಿದೆ ಎಂದುಕೊಳ್ಳುವ ಮೊದಲು ಇದನ್ನು ನೋಡಿ.

ಐದರಿಂದ ಏಳು ವರ್ಷದವರಿಗೆಂದು ಮಾಡಿದ ಉಚಿತ ಆ್ಯಪ್ ಸ್ಕ್ರ್ಯಾಚ್ ಜೂನಿಯರ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಬಲಬಾಣದ ಆಜ್ಞೆ ಕೊಟ್ಟರೆ ಆ್ಯಪಿನ ಬೆಕ್ಕಿನ ಬೊಂಬೆ ಪರದೆಯ ಬಲಕ್ಕೆ ಸರಿಯುತ್ತದೆ, ಅದು ಯಾವ ಕಡೆ ವಾಲಿದ್ದರೂ ಅಷ್ಟೇ. ನೆಲದ ಮೇಲೆ ತಪ್ಪಾಗಿದ್ದ ನಮ್ಮ ಹುಡುಗಿಯ ಊಹೆ ಅಲ್ಲಿ ಸರಿ! ಹಾಗಾಗಿ ಎರಡನ್ನೂ ಒಂದೇ ವಾರದಲ್ಲಿ ಕೈಗೆ ಕೊಡದಿರುವುದು ಒಳ್ಳೆಯದು.